ಗ್ರೇ ಮಾರ್ಕೆಟ್ ಪ್ರೀಮಿಯಂ ಇಳಿದ ಮಧ್ಯಾಹ್ನ

ಬೋಳಾರದ ನಮ್ಮ ಫ್ಲ್ಯಾಟಿನ ಎದುರುಮನೆಯ ಅಕ್ಕ ಮಗಳ ಬಾಣಂತನಕ್ಕೆ ಇಟ್ಟಿದ್ದ ಹಣವನ್ನು ನನ್ನ ಮಾತು ನಂಬಿ ಒಂದು ಕಂಪನಿಯ ಐಪಿಒಗೆ, ಅಂದರೆ ಮೊದಲ ಶೇರು ಮಾರಾಟಕ್ಕೆ, ಹಾಕಿದರು.

ಅದಕ್ಕೆ ಮೊದಲು ಬೇರೊಂದು ಐಪಿಒದಲ್ಲಿ ನನಗೆ ಹೊಸ ಶೇರು ಸಿಕ್ಕಿ, ಅದು ಶೇರುಪೇಟೆಗೆ ಬಂದ ಲಿಸ್ಟಿಂಗ್ ದಿನವೇ ಮಾರಿ ಲಾಭವಾಗಿತ್ತು. ದೇವಿಗೆ ಹೂವಿನ ಪೂಜೆ ಮಾಡಿಸಿ, ಅಕ್ಕನೂ ಬರುವ ಶುಕ್ರವಾರದ ಭಜನೆಯ ಹೆಂಗಸರಿಗೆ ಪ್ರಸಾದ ಹಂಚುವಾಗ ಕಾರಣವನ್ನೂ ಹೇಳಿದೆ. ಅಂದಿನಿಂದ ನನ್ನ ಮಾತನ್ನೂ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡರು. ನನಗೂ ಅದು ಹಿತವಾಗಿತ್ತು.

"ಅಕ್ಕ, ದೊಡ್ಡ ದೊಡ್ಡ ಫಂಡಿನವರು ಎಲ್ಲರಿಗಿಂತ ಮೊದ್ಲೇ ಹಣ ಹಾಕಿ ಆಂಕರ್ ಆಗಿ ಬಂದಿದ್ದಾರೆ. ಅವರ ಶೇರಿಗೆ ಲಾಕ್-ಇನ್ ಉಂಟು, ಕೂಡ್ಲೆ ಮಾರಿ ಓಡಿ ಹೋಗ್ಲಿಕ್ಕೆ ಆಗುದಿಲ್ಲ. ಗ್ರೇ ಮಾರ್ಕೆಟ್‌ನಲ್ಲೂ ಪ್ರೀಮಿಯಂ ಒಳ್ಳೆದುಂಟು, ಲಿಸ್ಟ್ ಆಗುವ ಮೊದ್ಲೇ ಹೊರಗೆ ಹೆಚ್ಚು ಬೆಲೆ ಕೊಡ್ತಾರೆ" ಎಂದಿದ್ದೆ. ಅವರು ಮೊದಲ ದಿನವೇ ಸಣ್ಣ ಹೂಡಿಕೆದಾರರಿಗಿರುವ ಮಿತಿಯವರೆಗೂ ಅರ್ಜಿ ಹಾಕಿದರು.

ಅರ್ಜಿ ಹಾಕುವ ಕೊನೆಯ ದಿನ ಮಧ್ಯಾಹ್ನ ಆ ಪ್ರೀಮಿಯಂ ಬಹುತೇಕ ಕರಗಿಹೋಯಿತು. ಅದು ಯಾರ ಲೆಕ್ಕಕ್ಕೂ ಸಿಗದ, ಬಾಯಿಂದ ಬಾಯಿಗೆ ಓಡುವ ದರ. ಏರಿಸಲೂ ಇಳಿಸಲೂ ನಾಲ್ಕು ಜನ ಸಾಕು. ನಾನು ಹೆದರಿ, ನನ್ನ ಅರ್ಜಿಯ ಹಣಕ್ಕಾಗಿ ಫೋನಿಗೆ ಬಂದ ಯುಪಿಐ ಕೋರಿಕೆಗೆ ಒಪ್ಪಿಗೆ ಕೊಡದೆ ಅರ್ಜಿಯನ್ನು ಬೀಳಲು ಬಿಟ್ಟೆ. ಅಕ್ಕನಿಗೆ ಅರ್ಜಿ ಹಿಂತೆಗೆಯಲು ಸಂಜೆಯವರೆಗೆ ಸಮಯವಿತ್ತು. ಎದುರಿನ ಬಾಗಿಲು ನಾಲ್ಕೇ ಹೆಜ್ಜೆ. ನನ್ನ ಮಾತು ತಪ್ಪೆಂದು ಒಪ್ಪಿಕೊಳ್ಳಲು ಮುಖವಿಲ್ಲದೆ ಅಡುಗೆಮನೆಯಲ್ಲಿ ಪಾತ್ರೆ ತೊಳೆದೆ.

ಶೇರು ಕೇಳುವವರೇ ಕಡಿಮೆಯಾದ್ದರಿಂದ ಅಕ್ಕನಿಗೆ ಕೇಳಿದ್ದೆಲ್ಲ ಸಿಕ್ಕಿತು. "ದೇವಿ ಕೈಬಿಡ್ಲಿಲ್ಲ ನೋಡು!" ಎಂದು ಬಾಳೆಹಣ್ಣು ತಂದುಕೊಟ್ಟರು. ಆ ಹಣ್ಣನ್ನು ನನಗೆ ತಿನ್ನಲಾಗಲಿಲ್ಲ. ಶೇರು ಕೊಂಡ ಬೆಲೆಗಿಂತ ಕೆಳಗೇ ಲಿಸ್ಟ್ ಆಯಿತು.

ಆಮೇಲೆಯೇ ನಾನು ಸರಿಯಾಗಿ ಓದಿದ್ದು. ಆಂಕರ್‌ಗಳ ಪಾಲಿನ ಅರ್ಧಕ್ಕೆ ಲಾಕ್-ಇನ್ ಒಂದೇ ತಿಂಗಳು, ಉಳಿದರ್ಧಕ್ಕೆ ಮೂರು ತಿಂಗಳು. ಒಳ್ಳೆಯ ಫಂಡಿನ ಹೆಸರಿದ್ದರೆ ಯಾರೋ ಬಲ್ಲವರು ಕಂಪನಿಯನ್ನು ನೋಡಿದ್ದಾರೆ ಎಂದಷ್ಟೇ ಅರ್ಥ. ಬೆಲೆ ಬೀಳುವುದಿಲ್ಲ ಎಂಬ ಭರವಸೆಯಲ್ಲ. ತಿಂಗಳು ತುಂಬುವ ವಾರ, ಆ ಫಂಡಿನವರು ಮಾರಿದರೆ ಇನ್ನೂ ಬಿದ್ದೀತೆಂದು ಅಕ್ಕನ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದೆ.

ಅಕ್ಕ ಮೊದಲು ಕೇಳಿದ್ದು ಇದನ್ನೇ. "ನೀನು ಹಾಕ್ಲೇ ಇಲ್ವಾ ಮಾರಾಯ್ತಿ?"

"ಇಲ್ಲ ಅಕ್ಕ."

"ನಷ್ಟ ಹೋಗ್ಲಿ. ಆ ದಿನ ಒಂದು ಮಾತು ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?"

ಅವರು ಅಂದೇ ನಷ್ಟದಲ್ಲಿ ಮಾರಿದರು. ಲಾಕ್-ಇನ್ ಮುಗಿದ ದಿನ ಬೆಲೆ ಬೀಳಲಿಲ್ಲ, ಸ್ವಲ್ಪ ಏರಿತು. ನನ್ನ ಎಚ್ಚರಿಕೆಯೂ ಸುಳ್ಳಾಯಿತು.

ಮಗಳ ಬಾಣಂತನ ಸುಸೂತ್ರವಾಗಿ ಆಯಿತು. ಅದು ದೇವಿ ಮಾಡಿದ ದೊಡ್ಡ ಉಪಕಾರ. ಮಗುವನ್ನು ನೋಡಲು ಹೋದಾಗ ಅಕ್ಕ ಚಹಾ ಕೊಟ್ಟರು. ನಾನು ಮಾಡಿದ್ದನ್ನು ಅವರು ಭಜನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮುಂದಿನ ಶುಕ್ರವಾರ ನಾನೇ ಅಲ್ಲಿ ಎದ್ದು ನಿಂತು, ಅಕ್ಕನಿಗೆ ತಿಳಿಸದೆ ಹಿಂದೆ ಸರಿದದ್ದನ್ನು ಹೇಳಿದೆ.