ಎರಡು ವರ್ಷ ಯಾರು ಕಾಯ್ತಾರೆ

ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ ಗುಬ್ಬಿಗೆ ಮುಂದೇನೆಂದು ತೋಚಲಿಲ್ಲ. ಗುಬ್ಬಿ ಎಂಬುದು ಮನೆಯವರು ಕರೆಯುವ ಹೆಸರು. ಸಣ್ಣ ಮೈ, ಸಣ್ಣ ದನಿ. ಆ ದನಿಯಲ್ಲಿ ಅವಳು ಪಾಠ ಹೇಳುತ್ತಿದ್ದರೆ ಪಕ್ಕದ ಮನೆಯ ತುಂಟ ಮಕ್ಕಳೂ ಕದಲದೆ ಕೂರುತ್ತಿದ್ದವು.

ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಕಲಿಸಿದ್ದ ಟೀಚರ್ ಉತ್ತರಪತ್ರಿಕೆ ತಿದ್ದುತ್ತಲೇ ಹೇಳಿದರು: "ಬಿ.ಎಡ್ ಮಾಡು. ಎರಡು ವರ್ಷ. ಅದರಲ್ಲಿ ಎಷ್ಟೋ ವಾರ ಶಾಲೇಲೇ ನಿಂತು ಪಾಠ ಮಾಡ್ಬೇಕು. ಆಮೇಲೆ ಅರ್ಹತಾ ಪರೀಕ್ಷೆ. ಪಾಸಾದ್ರೂ ನೇಮಕಾತಿಗೆ ಕಾಯ್ಬೇಕು. ಸುಮ್ನೆ ಆಸೆ ತೋರಿಸಲ್ಲಮ್ಮ."

ಆ ನೇರ ಮಾತೇ ಅವಳನ್ನು ಹೆದರಿಸಿತು.

ಅಣ್ಣನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. "ನಾಲ್ಕೇ ತಿಂಗಳು ಕಣೆ, ಸಾಫ್ಟ್‌ವೇರ್ ಟೆಸ್ಟಿಂಗ್. ಯಾವ ಡಿಗ್ರಿ ಆದ್ರೂ ನಡಿಯುತ್ತಂತೆ" ಎಂದ. ಗುಬ್ಬಿ ಸೇರಿಬಿಟ್ಟಳು.

ಚಪ್ಪಲಿ ಅಂಗಡಿಯ ಮೇಲಿನ ಕೋಚಿಂಗ್ ಸೆಂಟರ್. ಒಂದು ಗೋಡೆಯ ತುಂಬ ಕೆಲಸ ಸಿಕ್ಕವರ ಫೋಟೋ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದನ್ನು, ಸಿಕ್ಕಿದ್ದರ ವರದಿ ಬರೆಯುವುದನ್ನು ಅವಳು ಶ್ರದ್ಧೆಯಿಂದಲೇ ಕಲಿತಳು. ಆದರೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: ಅನುಭವ ಇದೆಯೇ? ಇಲ್ಲದಿದ್ದರೆ ಇಂಜಿನಿಯರಿಂಗ್ ಓದಿದ್ದೀರಾ? ಅಷ್ಟರಲ್ಲಿ ಆ ವರ್ಷದ ಬಿ.ಎಡ್ ಪ್ರವೇಶ ಮುಗಿದಿತ್ತು. ಮರುವರ್ಷ ಅದು ಬಂದಾಗ, ಇನ್ನೊಂದು ಸಂದರ್ಶನ ನೋಡೋಣ ಎಂದು ಬಿಟ್ಟಳು. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಸೆಂಟರಿನ ಮಾಲೀಕನೇ ಕರೆದ. "ಚೆನ್ನಾಗಿ ಹೇಳ್ಕೊಡ್ತೀಯಂತಲ್ಲ, ಇಲ್ಲೇ ಇದ್ಬಿಡು." ಅವಳು ಪಾಠ ಮಾಡತೊಡಗಿದಳು. ಹೊಸಬರು ವಿಚಾರಿಸಲು ಬಂದಾಗ ಅವರೊಡನೆ ಮಾತಾಡುವ ಕೆಲಸವೂ ಅವಳದೇ. ಒಂದು ಬೆಳಿಗ್ಗೆ ನೋಡಿದರೆ, ಕೆಲಸ ಸಿಕ್ಕವರ ಗೋಡೆಯಲ್ಲಿ ಅವಳ ಫೋಟೋವೂ ಇತ್ತು. ಸಹೋದ್ಯೋಗಿಗಳು ನಕ್ಕರು. ಅವಳೂ ನಕ್ಕಳು.

ಅವಳು ಸೆಂಟರಿಗೆ ಸೇರಿದ ಮೂರನೇ ವರ್ಷ, ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿದ ಹುಡುಗಿಯೊಬ್ಬಳು ವಿಚಾರಿಸಲು ಬಂದಳು. "ಅಕ್ಕಾ, ಇಲ್ಲಿ ಕಲಿತ್ರೆ ಕೆಲಸ ಸಿಗುತ್ತಾ?"

ಗುಬ್ಬಿ ದನಿ ತಗ್ಗಿಸಿದಳು. "ಫೋಟೋ ನೋಡಿ ನಂಬಬೇಡ. ಹಿಂದಿನ ಬ್ಯಾಚಿನವರನ್ನ ಕೇಳು, ಯಾರಿಗೆ ಎಂಥ ಕೆಲಸ ಸಿಕ್ತು ಅಂತ. ಕಂಪ್ಯೂಟರ್ ಕೆಲಸ ನಿನಗೆ ಇಷ್ಟನಾ?"

"ಗೊತ್ತಿಲ್ಲಕ್ಕಾ. ಪಾಠ ಮಾಡೋದು ಇಷ್ಟ. ಆದ್ರೆ ಬಿ.ಎಡ್‌ಗೆ ಎರಡು ವರ್ಷ ಯಾರು ಕಾಯ್ತಾರೆ?"

"ನಾನು ಅದಕ್ಕಿಂತ ಜಾಸ್ತಿನೇ ಕಾದೆ."

"ಯಾವುದಕ್ಕೆ?"

ಅದೇ ಸಂಜೆ ಹುಡುಗಿ ಸೇರಿಕೊಂಡಳು.

ಮನೆಯಲ್ಲಿ ಗುಬ್ಬಿ, "ಈ ಸಲ ಬಿ.ಎಡ್ ಸೇರ್ತೀನಿ" ಎಂದಳು.

"ಕೈಲಿರೋ ಕೆಲಸ ಬಿಟ್ಟಾ?" ಅಣ್ಣನ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅದೇ ಭಯ ತನ್ನೊಳಗೂ ಇರುವುದು ಅವಳಿಗೆ ಗೊತ್ತಿತ್ತು.

ಮರುದಿನ ಹೊಸ ಬ್ಯಾಚು ಶುರುವಾಯಿತು. ಗುಬ್ಬಿ ಬೋರ್ಡು ಒರೆಸಿ ಮೊದಲ ಪಾಠ ಆರಂಭಿಸಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಆ ಹುಡುಗಿ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು.