ಅಮ್ಮ ಅರಿಶಿನ ಬಳಿದ ಸ್ಪ್ರೆಡ್‌ಶೀಟ್

ಡೊಂಬಿವಲಿಯಿಂದ ವಾಶಿಯವರೆಗೆ ನನ್ನ ಅರ್ಜಿ ಬೀಳದ ಆಫೀಸು ಉಳಿದಿರಲಿಲ್ಲ. ಭಿವಂಡಿಯ ಗೋದಾಮಿನ ಬೆಕ್ಕು ಇಂಟರ್ನ್ ಬೇಕು ಎಂದಿದ್ದರೂ ನನ್ನ ರೆಸ್ಯೂಮೆ ಅದರ ಬಾಲದ ಹತ್ತಿರ ಬಿದ್ದಿರುತ್ತಿತ್ತು. ರಜೆ ಶುರುವಾಗುವ ಮೊದಲು ಇಂಟರ್ನ್‌ಶಿಪ್‌ನ ಒಂದು ಆಫರ್ ಲೆಟರ್ ಕೊಡದಿದ್ದರೆ ಕಾಲೇಜಿನಲ್ಲಿ ಆ ವಿಷಯ ಫೇಲ್. ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂರಬೇಕು.

ಎಲ್ಲವನ್ನೂ ನೆನಪಿಡಲು ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೆ. ಸಾಲಿಗೊಂದು ಕಂಪನಿ, ಪಕ್ಕದಲ್ಲಿ ಕೊನೆಯ ದಿನಾಂಕ, ಅರ್ಜಿ ಹಾಕಿದ ದಿನ, ಫಾಲೋ-ಅಪ್ ದಿನ, ಸ್ಟೇಟಸ್. ‘ಅಪ್ಲೈಡ್’ ಎಂದು ಆರಿಸಿದರೆ ಸಾಲು ಹಳದಿ, ‘ರಿಜೆಕ್ಟೆಡ್’ ಎಂದರೆ ಕೆಂಪು. ಬೆಳಿಗ್ಗೆ ಫಿಲ್ಟರ್ ಹಾಕಿ, ಫಾಲೋ-ಅಪ್ ದಿನ ಬಂದಿರುವ ಹಳದಿ ಸಾಲಿನವರಿಗೆ ಮಾತ್ರ ಮೇಲ್. ರಾಕೆಟ್ ಹಾರಿಸುವವರಿಗೂ ಇಷ್ಟು ಶಿಸ್ತು ಇರಲಾರದು. ಇಂಥ ಕಲಾಕೃತಿಯನ್ನು ಒಬ್ಬನೇ ನೋಡಿದರೆ ಏನು ಚೆಂದ? ಲಿಂಕನ್ನು ಮನೆಯವರ ಗ್ರೂಪಿಗೆ ಹಾಕಿದೆ. ಎಲ್ಲರಿಗೂ ಎಡಿಟ್ ಮಾಡುವ ಅನುಮತಿಯನ್ನೂ ಕೊಟ್ಟಿದ್ದು ನನ್ನ ಉದಾರ ಮನಸ್ಸು.

ಒಂದು ಬೆಳಿಗ್ಗೆ ಹಳದಿ ಕಂಡಲ್ಲೆಲ್ಲ ಮೇಲ್ ಬಿಟ್ಟೆ. ಮಧ್ಯಾಹ್ನ ಐರೋಲಿಯ ಕಂಪನಿಯೊಂದರ ಮೇಡಂ ಉತ್ತರಿಸಿದರು: ನಿಮಗೆ ಹೋದ ವಾರವೇ ಇಲ್ಲ ಎಂದಿದ್ದೆವಲ್ಲ?

ಶೀಟಿನಲ್ಲಿ ಒಂದೂ ಕೆಂಪು ಸಾಲಿಲ್ಲ! ಯಾರು ಏನು ಬದಲಿಸಿದರೆಂದು ತೋರಿಸುವ ವರ್ಷನ್ ಹಿಸ್ಟರಿ ತೆರೆದರೆ ಸಾಲುಸಾಲಾಗಿ ಅಮ್ಮನ ಹೆಸರು.

“ಮಮ್ಮಿ, ಇದೆಂತ ಮಾಡಿದ್ದು?”

“ಬೆಳಿಗ್ಗೆ ಎದ್ದು ಅಷ್ಟು ಕೆಂಪು ನೋಡ್ಲಿಕ್ಕೆ ಆಗುದಿಲ್ಲ ಮಾರಾಯ. ಅರಿಶಿನದ ಬಣ್ಣ ಮಾಡಿದೆ.”

“ಅವರು ರಿಜೆಕ್ಟ್ ಮಾಡಿದ್ದು!”

“ಅವರು ಮಾಡ್ಲಿ. ಅದನ್ನು ನಾವ್ಯಾಕೆ ಬರ್ದಿಡುದು?”

ಒಳ್ಳೆಯ ಸುಳ್ಳು ತಕ್ಷಣ ಹೊಳೆಯದೆ ಮೇಡಂಗೆ ನಿಜವನ್ನೇ ಬರೆದೆ. ಅವರು ವೀಡಿಯೋ ಕಾಲ್‌ಗೆ ಕರೆದು, ಆ ಶೀಟ್ ತೋರಿಸು ಎಂದರು. ಸ್ಕ್ರೀನ್ ತೋರಿಸುತ್ತ ಬಲಕ್ಕೆ ಸರಿಸಿದರೆ, ಅಮ್ಮ ತಾನಾಗಿಯೇ ಸೇರಿಸಿದ್ದ ಇನ್ನೊಂದು ಕಾಲಂ! ಕಳವಾ ಸ್ಟೇಷನ್ ಹತ್ತಿರದ ಕಂಪನಿಯ ಎದುರು, ‘ಟ್ರೇನಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ.’ ಐರೋಲಿಯ ಎದುರು, ‘ಎಸಿ ಜೋರು ಇರ್ಬಹುದು. ಇವನಿಗೆ ಶೀತ ಆಗ್ತದೆ.’

“ಹೇ ಕಾಯ್ ಲಿಹಿಲಂಯ್?” ಏನು ಬರೆದಿದೆ ಎಂದು ಮೇಡಂ ಮರಾಠಿಯಲ್ಲಿ ಕೇಳಿದರು. ಬೆವರುತ್ತ ಅನುವಾದಿಸಿದೆ.

ಮೇಡಂ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಆಯ್ಕೆಯಾಗಿದ್ದ ಹುಡುಗ ಬಂದೇ ಇರಲಿಲ್ಲವಂತೆ, ಅವರಿಗೆ ಬಂದ ಅರ್ಜಿಗಳೆಲ್ಲ ಮೇಲ್‌ನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವಂತೆ. “ಸೋಮವಾರ ಬಾ. ಸ್ವೆಟರ್ ತಗೊಂಡು ಬಾ,” ಎಂದರು. ಆಫರ್ ಲೆಟರ್ ಸಂಜೆಯೇ ಬಂತು.

ಈಗ ಆ ಆಫೀಸಿಗೆ ಬರುವ ಬೇರೆ ಹುಡುಗರ ಅರ್ಜಿಗಳ ಶೀಟ್ ನಾನೇ ನೋಡಿಕೊಳ್ಳುತ್ತೇನೆ. ಮೊನ್ನೆ ಮನೆಯಲ್ಲಿ ಅದನ್ನು ತೆರೆದಿದ್ದಾಗ ಅಮ್ಮ ಹಿಂದೆ ಬಂದು ನಿಂತರು.

“ಈ ಕೆಂಪೆಲ್ಲ ಯಾರದ್ದಾ?”

“ಬೇರೆ ಮಕ್ಕಳದ್ದು. ನಾನೇ ಹಾಕಿದ್ದು.”

ಅಮ್ಮ ಬಗ್ಗಿ ಕೆಂಪು ಸಾಲುಗಳನ್ನು ಎಣಿಸಿ ಕೇಳಿದರು: “ಅವರ ಅಮ್ಮಂದಿರಿಗೆ ಲಿಂಕ್ ಕಳ್ಸಿದ್ಯಾ?”