ಒಂದು ಸ್ಲೈಡಿಗೆ ಒಂದೇ ಹೆಜ್ಜೆ

ಜಬೀನ್ ಮೇಡಂ ಹಟಮಾರಿ ಎಂದು ನಮ್ಮ ಕಾಲೇಜಿನಲ್ಲಿ ಹೇಳದವರಿರಲಿಲ್ಲ. ಹೇಳಲಿ ಬಿಡಿ, ಆ ಹಟ ಎಲ್ಲಿಂದ ಬಂತು ಎಂದು ಒಬ್ಬನಾದರೂ ಕೇಳಿದನೇ? ನಾನು ಶಹಾಬಾದಿನ ಆ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಅಂಬರಾಯ. ನಾನು ಕೇಳಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಮೇಡಂ ವಾಡಿಯವರು. ಅಪ್ಪ ಅಬ್ದುಲ್ ಮಜೀದರು ಟೇಲರ್. ಚಿತ್ತಾಪುರದಲ್ಲಿ ಪಿಯುಸಿ ಓದುವಾಗ ಗಣಿತದ ಮೇಷ್ಟ್ರು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಉಸಿರು ಬಿಡದೆ ಬರೆದು ತುಂಬಿಸುತ್ತಿದ್ದರಂತೆ. ಹಿಂದಿನ ಬೆಂಚಿನ ಹುಡುಗಿಯರು ತಲೆ ಎತ್ತದೆ ನಕಲು ಮಾಡುವುದು, ಮನೆಗೆ ಹೋಗಿ ಬಾಯಿಪಾಠ ಮಾಡುವುದು. "ಒಂದು ದಿನ ಎದ್ದು ನಿಂತು, ಈ ಸಾಲು ಎಲ್ಲಿಂದ ಬಂತ್ರಿ ಸರ್ ಅಂತ ಕೇಳ್ದೆ. ಕುಂದ್ರು, ನಿನಗ್ಯಾಕ ಬೇಕು ಅಂದ್ರು. ಅವತ್ತಿಂದ ಕುಂತಿಲ್ಲ ನೋಡ್ರಿ ಅಂಬರಾಯಣ್ಣ," ಎಂದು ನಗುತ್ತಿದ್ದರು. ಸಿಟ್ಟಿಗೆ ಕೆಂಪಾಗುವ ಅವರ ಮೂಗು ಆ ನಗುವಿನಲ್ಲೂ ಕೆಂಪಗಿರುತ್ತಿತ್ತು.

ಕಲಬುರಗಿಯಲ್ಲಿ ಗಣಿತದ ಎಂಎಸ್ಸಿ ಮುಗಿಸಿ ನಮ್ಮಲ್ಲಿಗೆ ಬಂದರು. ನೌಕರಿ ವರ್ಷದ್ದು, ಪ್ರತಿ ಜೂನಿನಲ್ಲಿ ಹೊಸ ಆದೇಶ. ಪ್ರಿನ್ಸಿಪಾಲ್ ವಿಠ್ಠಲರಾವ್ ಕೊಟ್ಟರೆ ಉಂಟು, ಇಲ್ಲದಿದ್ದರೆ ವಾಡಿಯ ರೈಲು ಹತ್ತಿ ಮನೆ ಸೇರುವುದು, ಅಷ್ಟೇ.

೨೦೦೭ರಲ್ಲಿ ಕಾಲೇಜಿಗೆ ಮೊದಲ ಪ್ರೊಜೆಕ್ಟರ್ ಬಂತು. ಅದೇ ವರ್ಷ ಕಾಲೇಜು ನೋಡಲು ಒಂದು ಕಮಿಟಿ ಬರುವುದೆಂದು ಗೊತ್ತಾಯಿತು. ಜಬೀನ್ ಮೇಡಂ ಆ ಕಮಿಟಿಯ ಮುಂದೆ ಪಾಠ ಮಾಡಬೇಕು, ಅದನ್ನು ನೋಡಿ ಮೇಡಂ ಅವರ ಮುಂದಿನ ವರ್ಷದ ಆದೇಶ ತೀರ್ಮಾನವಾಗುವುದು ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು.

ಮೇಡಂ ಆರಿಸಿಕೊಂಡಿದ್ದು ax² + bx + c = 0 ಎಂಬ ವರ್ಗ ಸಮೀಕರಣದ ಸೂತ್ರ. ಬಿಎಸ್ಸಿ ಮೊದಲ ವರ್ಷದ ಮಕ್ಕಳಿಗೆ ಸೂತ್ರ ಬಾಯಿಗೆ ಬರುತ್ತಿತ್ತು, ಯಾಕೆ ಹಾಗೆ ಎಂಬುದು ದೇವರಿಗೇ ಗೊತ್ತು. ಒಂಬತ್ತು ಸ್ಲೈಡ್ ಮಾಡಿದರು. ಮೊದಲನೆಯದರಲ್ಲಿ ಎಲ್ಲಿಂದ ಹೊರಡುತ್ತೇವೆ, ಎಲ್ಲಿಗೆ ಹೋಗಬೇಕು ಎಂಬುದಷ್ಟೇ. ಆಮೇಲೆ ಸ್ಲೈಡಿಗೆ ಒಂದೇ ಹೆಜ್ಜೆ: ಹಿಂದಿನ ಸಾಲು ಮೇಲೆ ಮಸುಕಾಗಿ, ಹೊಸ ಸಾಲು ಕೆಳಗೆ ದಪ್ಪಗೆ, ಬದಲಾದ ತುಣುಕು ಮಾತ್ರ ಕೆಂಪು, ಪಕ್ಕದಲ್ಲಿ ಕಾರಣ ಒಂದೇ ಮಾತಿನಲ್ಲಿ. ಎರಡೂ ಕಡೆ b²/4a² ಕೂಡಿಸುವ ಕಡೆ ಚಿತ್ರವನ್ನೂ ಬರೆದಿದ್ದರು. ಪೂರ್ತಿ ಲೆಕ್ಕ ಬೇಕಾದವರಿಗೆ ಒಂದು ಹಾಳೆಯಲ್ಲಿ ಜೆರಾಕ್ಸ್ ತೆಗೆಸಿಟ್ಟಿದ್ದರು.

ಕಮಿಟಿ ಬರುವ ಹಿಂದಿನ ದಿನ ವಿಠ್ಠಲರಾವ್ ಲ್ಯಾಬಿಗೆ ಬಂದು ನೋಡಿದರು.

"ಒಂಬತ್ತ? ಒಂದು ಸೂತ್ರಕ್ಕ ಒಂಬತ್ತ? ಜಾಗಾ ಎಲ್ಲಾ ಖಾಲಿ ಬಿಟ್ಟಾರ. ಕೆಲಸಾ ಮಾಡಿಲ್ಲ ಅಂತಾರ ಕಮಿಟಿಯವರು. ಎಲ್ಲಾ ಒಂದರಾಗ ಹಾಕು ಅಂಬರಾಯ. ಮ್ಯಾಲೆ ಕಾಲೇಜಿನ ಹೆಸರು, ಸಂಸ್ಥಾಪಕರ ಫೋಟೋ."

"ಮೇಡಂಗ ಒಂದು ಮಾತು ಕೇಳಬೇಕಲ್ರಿ ಸರ್."

"ಪ್ರಿನ್ಸಿಪಾಲ್ ಅವರೋ ನಾನೋ?"

ಆಗಲೇ ನನಗೆ ಬಾಯಿ ಬರಬೇಕಿತ್ತು. ಬರಲಿಲ್ಲ. ಕುಳಿತು ತುರುಕಿದೆ. ಫೋಟೋಕ್ಕೇ ಅರ್ಧ ಜಾಗ ಹೋಯಿತು. ಅಕ್ಷರ ಸಣ್ಣ ಮಾಡಿದೆ, ಇನ್ನೂ ಸಣ್ಣ ಮಾಡಿದೆ. ಆದರೂ ಒಂದು ಸಾಲು ಕೆಳಗೆ ಇಣುಕುತ್ತಲೇ ಇತ್ತು. ನಡುವಿನ ಒಂದು ಸಾಲು ಉದ್ದವಾಗಿತ್ತು, ಎರಡೂ ಕಡೆ b²/4a² ಕೂಡಿಸುವ ಸಾಲು. ಅದನ್ನು ತೆಗೆದೆ. ಎಲ್ಲಾ ಕುಳಿತುಕೊಂಡಿತು. ಕೆಳಗೆ "ಸಿದ್ಧಪಡಿಸಿದವರು: ಜಬೀನ್" ಎಂದೂ ಹೊಡೆದೆ, ಮೂರ್ಖ.

ಮರುದಿನ ಹಾಲ್‌ನ ಕಿಟಕಿ ಪರದೆಗಳನ್ನು ಎಳೆದು ಕತ್ತಲೆ ಮಾಡಿದ್ದರು. ಕಮಿಟಿಯ ಹರಿಪ್ರಿಯಾ ಎಂಬ ಪ್ರೊಫೆಸರಮ್ಮ ಮುಂದಿನ ಕುರ್ಚಿ ಬಿಟ್ಟು ಹೋಗಿ ಕಡೆಯ ಬೆಂಚಿನಲ್ಲಿ ಕುಳಿತರು. ನಾನು ಅವರ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಸ್ಲೈಡ್ ಬಿತ್ತು. ಜಬೀನ್ ಮೇಡಂ ತಿರುಗಿ ನೋಡಿದರು.

"ಕಡೀ ಬೆಂಚಿನವರು, ನಾಕನೇ ಸಾಲು ಓದ್ರಿ," ಎಂದರು.

ಯಾರೂ ಓದಲಿಲ್ಲ. ಮುಕ್ರಮ ಎಂಬ ಹುಡುಗ ಎದ್ದು, "ಮೇಡಂ, ಇರುವಿ ಸಾಲು ಹೊಂಟಂಗ ಕಾಣ್ತದ್ರಿ," ಎಂದ. ಹಾಲ್ ನಕ್ಕಿತು. ಮುಂದೆ ಕುಳಿತ ಒಬ್ಬ ಹುಡುಗಿ ಕೈ ಎತ್ತಿದಳು. "ಬಲಕ್ಕ b ಸ್ಕ್ವೇರ್ ಅದ. ಮ್ಯಾಲಿನ ಸಾಲಿನ್ಯಾಗ ಇಲ್ಲ. ಎಲ್ಲಿಂದ ಬಂತ್ರಿ?"

ವಿಠ್ಠಲರಾವ್ ಮೊದಲ ಸಾಲಿನಿಂದಲೇ ಹಲ್ಲು ಕಡಿದು, "ಅದೆಲ್ಲ ಆಮ್ಯಾಲೆ. ಮುಂದ ನಡೀರಿ ಮೇಡಂ," ಎಂದರು.

"ಮುಂದ ಹೋಗಂಗಿಲ್ರಿ ಸರ್. ಆಕಿ ಕೇಳಿದ್ದು ಖರೇ ಅದ."

"ನಾ ಹೇಳಾಕತ್ತೀನಿ."

"ನೀವು ಹೇಳ್ರಿ. ನಾ ಪಾಠ ಮಾಡ್ತೀನಿ."

ಅಬ್ಬಾ! ಅವರು ಬ್ಯಾಗಿನಿಂದ ಪೆನ್ ಡ್ರೈವ್ ತೆಗೆದು ತಾವೇ ಚುಚ್ಚಿ, ತಮ್ಮ ಒಂಬತ್ತು ಸ್ಲೈಡ್ ತೆರೆದರು. ಎಲ್ಲವನ್ನೂ a ಇಂದ ಭಾಗಿಸಿದರು, a ಸೊನ್ನೆಯಲ್ಲ ಎಂದು ಹೇಳುವುದನ್ನೂ ಬಿಡಲಿಲ್ಲ. c/a ಆಚೆ ಕಳಿಸಿದರು. ಪ್ರತಿ ಸಾಲು ಬಂದಾಗ ಮಾತು ನಿಲ್ಲಿಸಿ, ಮಕ್ಕಳು ಬರೆದು ತಲೆ ಎತ್ತುವವರೆಗೂ ಕಾದರು. ಆಮೇಲೆ ಚಿತ್ರ ಬಂತು. ಬದಿ x ಇರುವ ಒಂದು ಚೌಕ. ಅದರ ಬಲಕ್ಕೊಂದು, ಕೆಳಗೊಂದು ಪಟ್ಟಿ, ಎರಡರ ಅಗಲವೂ b/2a.

"ಇದು ಪೂರಾ ಚೌಕ ಆಗಬೇಕಂದ್ರ ಏನು ಕಡಿಮಿ ಅದ?"

"ಮೂಲಿ ಖಾಲಿ ಅದರೀ!" ಎಂದು ಕಡೆಯ ಬೆಂಚು ಕೂಗಿತು.

"ಆ ಮೂಲಿ ಎಷ್ಟು?"

"b/2a, b/2a... b²/4a² ರೀ!"

ಮುಂದಿನ ಸ್ಲೈಡಿನಲ್ಲಿ ಅದೇ ತುಣುಕು ಎರಡೂ ಕಡೆ ಕೆಂಪಗೆ ಬಂತು. ನಾನು ತೆಗೆದುಹಾಕಿದ್ದು ಆ ಮೂಲೆಯನ್ನು. ಉಳಿದದ್ದೆಲ್ಲ ಸಲೀಸಾಗಿ ನಡೆಯಿತು: ಎಡಕ್ಕೆ ವರ್ಗ, ವರ್ಗಮೂಲ, ಕೂಡು ಕಳೆ ಎರಡೂ ಗುರುತು, ಕಡೆಗೆ ಸೂತ್ರ ಒಂದೇ ಇಡೀ ಪರದೆಯ ಮೇಲೆ.

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರ ಚೇಂಬರಿಗೆ ನನ್ನನ್ನೂ ಕರೆಸಿದರು. ಹರಿಪ್ರಿಯಾ ಅವರು ನಾನು ತುರುಕಿದ ಸ್ಲೈಡಿನ ಪ್ರಿಂಟ್ ಮುಂದಿಟ್ಟುಕೊಂಡು ಕುಳಿತಿದ್ದರು. "ಆಮ್ಯಾಲೆ ತೋರಿಸಿದ್ದು ಚೊಲೋ ಅದ. ಆದ್ರ ಮೊದಲು ಬಿದ್ದ ಈ ಸ್ಲೈಡಿನ್ಯಾಗ ಮುಖ್ಯ ಹೆಜ್ಜಿನೇ ಇಲ್ಲ. ಇದನ್ನ ಮಾಡಿದವರಿಗಿ ಪಾಠ ಹೇಳಾಕ ಬರಂಗಿಲ್ಲ. ಕೆಳಗ ನಿಮ್ಮ ಹೆಸರು ಅದ, ಜಬೀನ್."

"ನಾ ಮಾಡಿಲ್ರಿ."

"ಅವರೇ ಮಾಡ್ಯಾರ," ಎಂದರು ವಿಠ್ಠಲರಾವ್, ಥಟ್ಟನೆ. "ನಮ್ಮ ಅಂಬರಾಯ ಬರೀ ಟೈಪ್ ಮಾಡ್ಯಾನ. ಕೇಳ್ರಿ ಬೇಕಾದ್ರ. ಏನೋ ಅಂಬರಾಯ?"

ನನ್ನ ಕಡೆ ನೋಡಿದ ಆ ಕಣ್ಣಿನಲ್ಲಿ ನನ್ನ ನೌಕರಿಯೂ ಇತ್ತು. ಜಬೀನ್ ಮೇಡಂ ನನ್ನನ್ನು ನೋಡಲೇ ಇಲ್ಲ, ಬೇಡಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ ನೆಟ್ಟಗೆ ನಿಂತಿದ್ದರು. ಅದನ್ನು ನೋಡಿ ನನಗೆ ನನ್ನ ಮೇಲೇ ಸಿಟ್ಟು ಬಂತು.

"ಒಂದರಾಗ ಹಾಕು ಅಂದವರು ಸಾಹೇಬ್ರು. ಆ ಸಾಲು ತೆಗದಂವ ನಾನ್ರಿ. ಮೇಡಂ ಹೆಸರು ಹಾಕಿದಂವನೂ ನಾನೇ. ಅವರಿಗಿ ಗೊತ್ತೇ ಇರಲಿಲ್ಲ."

"ಅದೇ ಸಾಲು ಯಾಕ ತೆಗದ್ರಿ?" ಎಂದು ಕೇಳಿದರು ಹರಿಪ್ರಿಯಾ.

"ಅದರ ಕೆಲಸ ಏನಂತ ತಿಳಿದಿರಲಿಲ್ರಿ. ನಾನೂ ಬಿಎಸ್ಸಿನೇ, ಪಾಸಾಗಿ ಹತ್ತು ವರ್ಷ ಆತು. ಇವತ್ತ ನಿಮ್ಮ ಹಿಂದ ನಿಂತಾಗ ತಿಳೀತು."

ವಿಠ್ಠಲರಾವ್ ಎದ್ದು ನಿಂತರು. "ನಾಳಿಂದ ನೀ ಬರಬ್ಯಾಡ."

ಆಗ ಜಬೀನ್ ಮೇಡಂ ಕಿಟಕಿಯಿಂದ ತಿರುಗಿದರು. ಮೂಗು ಕೆಂಪಾಗಿತ್ತು, ನಗು ಇರಲಿಲ್ಲ.

"ಹಂಗಾದ್ರ ನನ್ನ ಹೆಸರೂ ಹೊಡದು ಹಾಕ್ರಿ ಸರ್. ಕಲತಂವನ್ನ ಹೊರಗ ಹಾಕೋ ಕಾಲೇಜಿನ್ಯಾಗ ನಾ ಯಾರಿಗಿ ಪಾಠ ಹೇಳಲಿ?"

ಹರಿಪ್ರಿಯಾ ಅವರು ಪೆನ್ನಿನ ಮುಚ್ಚಳ ತೆಗೆದು ವರದಿಯ ಹಾಳೆ ಎಳೆದುಕೊಂಡರು. "ಕುಂದ್ರಿ ವಿಠ್ಠಲರಾವ್," ಎಂದರು, "ಈ ಇಬ್ಬರನ್ನೂ ಬಿಡಬಾರದಂತ ಹೆಸರು ಹಾಕಿ ಬರೀಬೇಕಾಗ್ಯಾದ."